ಮಲಗಿದ ಕೂಡಲೇ ಎದೆಯುರಿ ಬರುತ್ತದೆಯೇ? ರಾತ್ರಿ ಊಟದಿಂದ ಹಾಸಿಗೆಯವರೆಗೆ ಯಾವುದನ್ನು ಮೊದಲು ಸರಿಮಾಡಬೇಕು

ರಾತ್ರಿ ಎದೆಯುರಿಯಿಂದ ನಿದ್ದೆ ಕೆಡುತ್ತಿದೆ ಎನ್ನುವವರನ್ನು ಏನೇನು ಮಾಡಿ ನೋಡಿದಿರಿ ಅಂತ ಕೇಳಿದರೆ ಹೆಚ್ಚುಕಡಿಮೆ ಒಂದೇ ಉತ್ತರ ಬರುತ್ತದೆ. ಖಾರ ಬಿಟ್ಟೆ, ತಲೆಗೆ ಇನ್ನೊಂದು ದಿಂಬು ಹಾಕಿದೆ, ಮಲಗುವಾಗ ಒಂದು ಮಾತ್ರೆ ನುಂಗಿದೆ, ಒಂದು ಲೋಟ ಹಾಲು ಕುಡಿದೆ. ಆದರೂ ರಾತ್ರಿ ಒಂದು ಗಂಟೆಗೆ ಗಂಟಲಲ್ಲಿ ಹುಳಿ ಬಂದು ಎಚ್ಚರ ಆಗುತ್ತದೆ.

ಇವುಗಳಲ್ಲಿ ಕೆಲವು ಒಳ್ಳೆಯ ಉಪಾಯಗಳೇ. ಆದರೆ ಮಾಡುವ ರೀತಿ ತಪ್ಪು, ಇಲ್ಲವೇ ಮಾಡುವ ಕ್ರಮ ತಪ್ಪು. ಮೊದಲು ಊಟದ ಹೊತ್ತು, ಆಮೇಲೆ ಪ್ರಮಾಣ, ಆಮೇಲೆ ಎಣ್ಣೆ ಮತ್ತು ಖಾರ, ಆಮೇಲೆ ಹಾಸಿಗೆ, ಕೊನೆಗೆ ಮಾತ್ರೆಯ ಸಮಯ. ಈ ಕ್ರಮದಲ್ಲಿ ಹೋದರೆ ನಿಮ್ಮ ತೊಂದರೆ ಎಲ್ಲಿದೆ ಅಂತ ನಿಮಗೇ ಗೊತ್ತಾಗುತ್ತದೆ. ಎಲ್ಲವನ್ನೂ ಒಂದೇ ದಿನ ಬದಲಾಯಿಸಿದರೆ ಯಾವುದರಿಂದ ಗುಣ ಆಯಿತು ಅನ್ನೋದೇ ತಿಳಿಯುವುದಿಲ್ಲ, ಹತ್ತು ದಿನದಲ್ಲಿ ಬೇಸರ ಬಂದು ಎಲ್ಲವನ್ನೂ ಕೈಬಿಡುತ್ತೀರಿ.

## ಶುರು ಮಾಡುವ ಮುಂಚೆ: ಇವು ಇದ್ದರೆ ಮೊದಲು ವೈದ್ಯರ ಹತ್ತಿರ ಹೋಗಿ

ಎದೆ ಉರಿಯುವುದೆಲ್ಲಾ ಆಸಿಡಿಟಿ ಅಲ್ಲ. ಎದೆಯ ಮೇಲೆ ಭಾರ ಇಟ್ಟ ಹಾಗೆ ಒತ್ತುವುದು, ನೋವು ತೋಳಿಗೋ ದವಡೆಗೋ ಬೆನ್ನಿಗೋ ಹರಡುವುದು, ಜೊತೆಗೆ ಬೆವರು, ಉಸಿರಾಡಲು ಕಷ್ಟ, ತಲೆಸುತ್ತು ಇದ್ದರೆ ಅದನ್ನು ಹೃದಯದ ತೊಂದರೆ ಅಂತಲೇ ತಿಳಿದು ತಕ್ಷಣ ಆಸ್ಪತ್ರೆಗೆ ಹೋಗಿ. "ಗ್ಯಾಸ್ಟ್ರಿಕ್ ಇರಬೇಕು, ಬೆಳಗ್ಗೆ ನೋಡೋಣ" ಅಂತ ಮಲಗಬೇಡಿ. ಇದನ್ನು ಮನೆಯಲ್ಲಿ ಕೂತು ಬೇರ್ಪಡಿಸಲು ಯಾರಿಂದಲೂ ಆಗುವುದಿಲ್ಲ.

ಇನ್ನು ಕೆಲವು ಲಕ್ಷಣಗಳಿಗೆ ಅಷ್ಟು ಓಡಬೇಕಿಲ್ಲ, ಆದರೆ ತಡಮಾಡಲೂ ಬಾರದು. ತುತ್ತು ನುಂಗುವಾಗ ಸಿಕ್ಕಿಕೊಂಡ ಹಾಗೆ ಆಗುವುದು, ನುಂಗುವಾಗ ನೋವು, ಕಾರಣ ಇಲ್ಲದೆ ತೂಕ ಇಳಿಯುವುದು, ಮತ್ತೆ ಮತ್ತೆ ವಾಂತಿ, ರಕ್ತ ಕಡಿಮೆ ಆಗಿ ಸುಸ್ತು. ಇಂಥವು ಇದ್ದರೆ ಈ ಕೆಳಗಿನ ಹಂತಗಳಲ್ಲಿ ವಾರಗಳನ್ನು ಕಳೆಯಬೇಡಿ, ಮೊದಲು ತೋರಿಸಿ. ವಾಂತಿಯಲ್ಲಿ ರಕ್ತ ಕಂಡರೆ ಅಥವಾ ಮಲ ಟಾರಿನ ಹಾಗೆ ಕಪ್ಪಗೆ ಅಂಟಂಟಾಗಿ ಬಂದರೆ ಅವತ್ತೇ ಹೋಗಬೇಕು. ವಯಸ್ಸು 50 ದಾಟಿದ ಮೇಲೆ ಮೊದಲ ಬಾರಿಗೆ ಎದೆಯುರಿ ಶುರುವಾಗಿದ್ದರೂ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಊಟದ ಹೊತ್ತು ಬದಲಾಯಿಸುವ ಮುಂಚೆ ವೈದ್ಯರನ್ನು ಕೇಳಿ. ಊಟ ಬೇಗ ಮುಗಿದು ಡೋಸ್ ಹಾಗೆಯೇ ಉಳಿದರೆ ರಾತ್ರಿ ಸಕ್ಕರೆ ತೀರಾ ಇಳಿದುಬಿಡಬಹುದು.

## ಬೇಕಾಗುವ ವಸ್ತುಗಳು

ಒಂದು ನೋಟ್‌ಬುಕ್ ಮತ್ತು ಪೆನ್ನು, ಅಳತೆ ಟೇಪು, ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಇಡಲು ಎರಡು ಗಟ್ಟಿ ಮರದ ತುಂಡು, ಇಲ್ಲವೇ ಇಳಿಜಾರಾದ ಫೋಮ್ ದಿಂಬು. ಬೆನ್ನಿಗೆ ಒತ್ತಿಕೊಳ್ಳಲು ಒಂದು ಉದ್ದ ದಿಂಬು. ಹಾಸಿಗೆಯ ಸಾಮಾನು 4ನೇ ಹಂತದಲ್ಲಿ ಬೇಕಾಗುತ್ತದೆ, ಈಗಲೇ ದುಡ್ಡು ಹಾಕಬೇಡಿ. ಕೆಲವರಿಗೆ ಅಲ್ಲಿಯವರೆಗೆ ಹೋಗುವ ಅಗತ್ಯವೇ ಬೀಳುವುದಿಲ್ಲ.

## ಹಂತ 1: ಐದು ರಾತ್ರಿ ಏನನ್ನೂ ಬದಲಾಯಿಸದೆ ಬರೆದಿಡಿ

ನೋಟ್‌ಬುಕ್ಕಿನಲ್ಲಿ ಐದು ವಿಷಯ ಬರೆಯಿರಿ. ಕೊನೆಯ ತುತ್ತು ತಿಂದದ್ದು ಎಷ್ಟು ಗಂಟೆಗೆ, ಏನು ಮತ್ತು ಎಷ್ಟು ತಿಂದಿರಿ, ಮೈ ಚಾಚಿದ್ದು ಎಷ್ಟು ಗಂಟೆಗೆ, ಎಚ್ಚರ ಆಗಿದ್ದು ಎಷ್ಟು ಗಂಟೆಗೆ, ಎದ್ದಾಗ ಏನು ಅನ್ನಿಸುತ್ತಿತ್ತು. ಅಷ್ಟೇ ಸಾಕು.

"ಊಟದ ಸಮಯ" ಅಂತ ಬರೆಯದೆ "ಕೊನೆಯ ತುತ್ತು" ಅಂತ ಬರೆಯಲು ಕಾರಣ ಇದೆ. 8 ಗಂಟೆಗೆ ಊಟ ಮುಗಿಸಿ 10:15ಕ್ಕೆ ಹಾಲಿನ ಜೊತೆ ನಾಲ್ಕು ಬಿಸ್ಕತ್ತು ತಿಂದರೆ ನಿಮ್ಮ ಹೊಟ್ಟೆಯ ಲೆಕ್ಕ 10:15ರಿಂದಲೇ ಶುರು. ಹಾಗೆಯೇ "ಮಲಗಿದ ಸಮಯ" ಅಂದರೆ ದೀಪ ಆರಿಸಿದ ಹೊತ್ತಲ್ಲ. ಊಟ ಆಗಿ ಅರ್ಧ ಗಂಟೆಗೆ ಸೋಫಾದಲ್ಲಿ ಉರುಳಿಕೊಂಡು ಫೋನ್ ನೋಡುತ್ತಿದ್ದರೆ ಅದೂ ಮಲಗಿದ್ದೇ.

ನನ್ನ ಭಾವನ ನೋಟ್‌ಬುಕ್ ನೋಡಿದ ಮೇಲೆಯೇ ನನಗೆ ಈ ಹಂತದ ಬೆಲೆ ಸರಿಯಾಗಿ ತಿಳಿದದ್ದು. ಅವರ ಪಾಳಿ ಮುಗಿಯುವುದು ರಾತ್ರಿ 9ಕ್ಕೆ. ಮನೆಗೆ ಬಂದು, ಸ್ನಾನ ಮಾಡಿ, ಊಟ ಮುಗಿಸುವಾಗ 10 ದಾಟುತ್ತದೆ, 11ಕ್ಕೆ ಹಾಸಿಗೆ. ಎಲ್ಲದಕ್ಕೂ ಖಾರವೇ ಕಾರಣ ಅಂತ ಅವರು ನಂಬಿದ್ದರು. ಐದು ರಾತ್ರಿ ಬರೆದರು. ಎರಡನೇ ರಾತ್ರಿ ಖಾರವೇ ಇಲ್ಲದ ಊಟ, ಆದರೆ ಹೊಟ್ಟೆ ತುಂಬಾ, ಕೊನೆಯ ತುತ್ತು 10:15ಕ್ಕೆ. ಎದ್ದದ್ದು 12:40ಕ್ಕೆ, ಗಂಟಲೆಲ್ಲಾ ಹುಳಿ. ನಾಲ್ಕನೇ ದಿನ ರಜೆ. ಖಾರದ ಊಟವನ್ನೇ ಮಾಡಿದ್ದರು, ಆದರೆ ಸಂಜೆ 7ಕ್ಕೇ ಮುಗಿದಿತ್ತು. ಅವತ್ತು ಮಲಗಿದ್ದು 11:15ಕ್ಕೆ. ಹುಳಿ ಬರಲಿಲ್ಲ. ಉಳಿದ ಮೂರು ರಾತ್ರಿ ತಡವಾದ ಊಟ, ಮೂರರಲ್ಲೂ ರಾತ್ರಿ 1 ಹೊಡೆಯುವ ಮುಂಚೆ ಎಚ್ಚರ.

ಆ ನಾಲ್ಕನೇ ರಾತ್ರಿಯ ಸಾಲಿನ ಪಕ್ಕದಲ್ಲಿ ಅವರು ಇನ್ನೊಂದು ಮಾತು ಬರೆದಿದ್ದರು: "ಉರಿ ಇಲ್ಲ, ಆದರೆ ಮೈ ಬಿಸಿ, 12ರವರೆಗೆ ಹೊರಳಾಟ." ಇದು ಬೇರೆಯದೇ ವಿಷಯ, 3ನೇ ಹಂತದಲ್ಲಿ ಅದಕ್ಕೆ ಬರುತ್ತೇನೆ.

## ಹಂತ 2: ಕೊನೆಯ ತುತ್ತಿಗೂ ಹಾಸಿಗೆಗೂ ಮಧ್ಯೆ 3 ಗಂಟೆ ಬಿಡಿ

ಒಂದು ನೀರಿನ ಬಾಟಲಿಗೆ ಮುಕ್ಕಾಲು ನೀರು ತುಂಬಿ, ಮುಚ್ಚಳವನ್ನು ಸಡಿಲವಾಗಿ ತಿರುಗಿಸಿ ನಿಲ್ಲಿಸಿ. ಒಂದು ಹನಿಯೂ ಬರುವುದಿಲ್ಲ. ಈಗ ಅದನ್ನೇ ಸಿಂಕಿನಲ್ಲಿ ಅಡ್ಡ ಮಲಗಿಸಿ. ಮುಚ್ಚಳದ ಅಂಚಿನಿಂದ ನೀರು ಜಿನುಗಲು ಶುರು. ಮುಚ್ಚಳ ಅದೇ, ನೀರೂ ಅಷ್ಟೇ. ಬದಲಾದದ್ದು ಬಾಟಲಿ ಇರುವ ರೀತಿ ಮಾತ್ರ. ನೀರು ಕಾಲು ಭಾಗ ಮಾತ್ರ ಇದ್ದಿದ್ದರೆ ಅಡ್ಡ ಹಾಕಿದರೂ ಮುಚ್ಚಳದವರೆಗೆ ಅಷ್ಟಾಗಿ ಮುಟ್ಟುತ್ತಿರಲಿಲ್ಲ.

ನಮ್ಮೊಳಗೂ ಹೆಚ್ಚುಕಡಿಮೆ ಹೀಗೆಯೇ. ಅನ್ನನಾಳ ಜಠರವನ್ನು ಸೇರುವ ಜಾಗದಲ್ಲಿ ಉಂಗುರದಂಥ ಒಂದು ಸ್ನಾಯು ಇದೆ. ತುತ್ತು ಇಳಿಯುವಾಗ ತೆರೆದು ಆಮೇಲೆ ಮುಚ್ಚಿಕೊಳ್ಳುವುದು ಅದರ ಕೆಲಸ. ಆದರೆ ಹೊಟ್ಟೆ ಊಟದಿಂದ ಉಬ್ಬಿದಾಗ ಅದು ಆಗಾಗ ತಾನಾಗಿಯೇ ಕೆಲವು ಸೆಕೆಂಡು ಸಡಿಲವಾಗುತ್ತದೆ. ತೇಗು ಬರುವುದೂ ಹೀಗೆಯೇ. ಆರೋಗ್ಯವಾಗಿರುವವರಲ್ಲೂ ಇದು ನಡೆಯುತ್ತದೆ, ಊಟ ಆದ ಮೊದಲ ಕೆಲವು ಗಂಟೆಗಳಲ್ಲಿ ಜಾಸ್ತಿ. ಜೊತೆಗೆ ಊಟ ಆದ ಮೇಲೆ ಆಸಿಡ್ ಎಲ್ಲಾ ಆಹಾರದ ಜೊತೆ ಕಲೆತು ಹೋಗುವುದಿಲ್ಲ. ಹೊಸದಾಗಿ ಬಂದ ಆಸಿಡ್‌ನ ಒಂದು ಪದರ ಆಹಾರದ ಮೇಲೆ, ಸರಿಯಾಗಿ ಆ ಬಾಗಿಲಿನ ಹತ್ತಿರವೇ ನಿಂತಿರುತ್ತದೆ. ಕೂತಿದ್ದರೆ ಬಾಗಿಲು ಸಡಿಲವಾದರೂ ಹೆಚ್ಚಾಗಿ ಗಾಳಿ ಮಾತ್ರ ಮೇಲೆ ಬರುತ್ತದೆ. ಮಲಗಿದ್ದರೆ ಆಸಿಡ್ ಬರುತ್ತದೆ.

ಬಂದ ಆಸಿಡ್ ಅಲ್ಲೇ ಉಳಿಯುವುದು ಇನ್ನೊಂದು ತೊಂದರೆ. ಎಚ್ಚರ ಇರುವಾಗ ನಾವು ಗೊತ್ತಿಲ್ಲದೆಯೇ ಎಂಜಲು ನುಂಗುತ್ತಿರುತ್ತೇವೆ, ಆ ಎಂಜಲು ಆಸಿಡ್ಡನ್ನು ತೊಳೆದು ಕೆಳಗೆ ಕಳಿಸುತ್ತದೆ. ನಿದ್ದೆಯಲ್ಲಿ ಎಂಜಲು ಊರುವುದು ತುಂಬಾ ಕಡಿಮೆ, ನುಂಗುವುದೂ ಅಪರೂಪ. ಹಗಲು ಬೇಗನೆ ಇಳಿದುಹೋಗುವ ಹುಳಿ ರಾತ್ರಿ ತುಂಬಾ ಹೊತ್ತು ಅನ್ನನಾಳದ ಗೋಡೆಯನ್ನು ಸುಡುತ್ತಾ ಕೂರುತ್ತದೆ.

ಹಾಗಾಗಿ 3 ಗಂಟೆ. ಸಾಧಾರಣ ಊಟ ಜಠರದಿಂದ ಹೆಚ್ಚಿನ ಪಾಲು ಖಾಲಿಯಾಗಲು ಸುಮಾರು 4 ಗಂಟೆ ಬೇಕು, 3 ಗಂಟೆಗೆ ಸಾಕಷ್ಟು ಇಳಿದಿರುತ್ತದೆ. 2005ರಲ್ಲಿ ಪ್ರಕಟವಾದ ಜಪಾನಿನ ಒಂದು ಅಧ್ಯಯನದಲ್ಲಿ ಊಟವಾಗಿ 3 ಗಂಟೆಯೊಳಗೆ ಮಲಗುವವರನ್ನು 4 ಗಂಟೆ ಅಥವಾ ಹೆಚ್ಚು ಬಿಟ್ಟು ಮಲಗುವವರ ಜೊತೆ ಹೋಲಿಸಿ ನೋಡಿದ್ದರು. ಬೇಗ ಮಲಗುವವರಲ್ಲಿ ಆಸಿಡ್ ಮೇಲೆ ಬರುವ ಕಾಯಿಲೆಯ ಸಾಧ್ಯತೆ ಸುಮಾರು 7 ಪಟ್ಟು ಇತ್ತು. ಇದೊಂದರಿಂದಲೇ ಊಟದ ಹೊತ್ತೇ ಕಾಯಿಲೆ ತರುತ್ತದೆ ಅಂತ ಹೇಳಲಾಗದು. ಆದರೆ ಮೊದಲು ಕೈ ಹಾಕಬೇಕಾದ ಜಾಗ ಯಾವುದು ಅನ್ನುವುದಕ್ಕೆ ಇದು ಸಾಕು.

ಈ ಹಂತವನ್ನು ಏಳು ರಾತ್ರಿ ಮಾಡಿ. ಊಟದಲ್ಲಿ ಬೇರೆ ಏನನ್ನೂ ಬದಲಾಯಿಸಬೇಡಿ.

ಇಲ್ಲಿ ಆಗುವ ತಪ್ಪು: ಊಟ 7:30ಕ್ಕೆ ಮುಗಿಯುತ್ತದೆ, 10ಕ್ಕೆ ಮತ್ತೆ ಹಸಿವಾಗುತ್ತದೆ, ಏನೋ ಒಂದಷ್ಟು ಬಾಯಿಗೆ ಹಾಕಿಕೊಳ್ಳುತ್ತೀರಿ. ಇದಕ್ಕೆ ಪರಿಹಾರ ರಾತ್ರಿ ಗಟ್ಟಿಯಾಗಿ ಮನಸ್ಸು ಮಾಡುವುದಲ್ಲ. ಮಧ್ಯಾಹ್ನದ ಊಟ ಸಾಲದೇ ಇರುವುದು ಕಾರಣ, ಅದನ್ನು ಸರಿಮಾಡಿ. ಇನ್ನೊಂದು, ಹಸಿವು ಅಡಗಿಸಲು ಮಲಗುವಾಗ ಅರ್ಧ ಲೀಟರ್ ನೀರು ಕುಡಿಯುವುದು. ನೀರಿನಿಂದಲೂ ಹೊಟ್ಟೆ ಉಬ್ಬುತ್ತದೆ. ಬಾಯಾರಿದರೆ ಎರಡು ಗುಟುಕು ಸಾಕು.

### ಮನೆಗೆ ಬರುವುದೇ ತಡವಾದರೆ

ಇಲ್ಲಿಯೇ ತುಂಬಾ ಜನ ಕೈಚೆಲ್ಲುತ್ತಾರೆ. 9:30ಕ್ಕೆ ಮನೆ ಸೇರುವವರಿಗೆ 7ಕ್ಕೆ ಊಟ ಮಾಡಿ ಅಂದರೆ ಏನು ಪ್ರಯೋಜನ, ಅಲ್ವಾ? ಅವರು ಮಾಡಬೇಕಾದದ್ದು ಊಟವನ್ನು ಎರಡು ಭಾಗ ಮಾಡುವುದು. ಭಾವ ಮಾಡಿದ್ದೂ ಅದನ್ನೇ. ಮಧ್ಯಾಹ್ನ 1ಕ್ಕೆ ದಿನದ ದೊಡ್ಡ ಊಟ. ಸಂಜೆ 6:30ರ ವಿರಾಮದಲ್ಲಿ ಡಬ್ಬಿಯಲ್ಲಿ ಒಯ್ದ ರಾತ್ರಿ ಊಟದ ಮುಕ್ಕಾಲು ಪಾಲು. ಮನೆಗೆ ಬಂದ ಕೂಡಲೇ, ಸ್ನಾನಕ್ಕಿಂತ ಮುಂಚೆ, ಒಂದು ಸಣ್ಣ ಬಟ್ಟಲಿನಷ್ಟು ಎಣ್ಣೆ ಕಡಿಮೆ ಇರುವ ಊಟ. ಸ್ನಾನ ಆಮೇಲೆ. ಇಷ್ಟರಿಂದಲೇ ಕೊನೆಯ ತುತ್ತು 10:15ರಿಂದ 9:35ಕ್ಕೆ ಬಂತು. ಮಲಗುವುದನ್ನು 11:15 ಮಾಡಿಕೊಂಡರು.

ಅಂತರ 3 ಗಂಟೆ ಆಗಲಿಲ್ಲ, 1 ಗಂಟೆ 40 ನಿಮಿಷ ಆಯಿತು ಅಷ್ಟೇ. ಆದರೆ ಹೊಟ್ಟೆಯಲ್ಲಿ ಇದ್ದದ್ದು ಹಿಂದಿನ ಕಾಲು ಭಾಗ. ಆ ವಾರದ ಏಳು ರಾತ್ರಿಗಳಲ್ಲಿ ಅವರು ಎದ್ದದ್ದು ಮೂರು ರಾತ್ರಿ.

ನಿದ್ದೆಯನ್ನು ಮುಂದೂಡಿ 3 ಗಂಟೆ ಹೊಂದಿಸಬೇಡಿ. ನಿದ್ದೆ ಕಡಿಮೆಯಾದರೆ ಅನ್ನನಾಳ ಅಷ್ಟೇ ಆಸಿಡ್‌ಗೆ ಹೆಚ್ಚು ಉರಿಯಲು ಶುರುಮಾಡುತ್ತದೆ. ಉರಿಯಿಂದ ನಿದ್ದೆ ಕೆಡುತ್ತದೆ, ಕೆಟ್ಟ ನಿದ್ದೆಯಿಂದ ಉರಿ ಜಾಸ್ತಿ ಅನ್ನಿಸುತ್ತದೆ. ಆ ಸುಳಿಗೆ ಬೀಳಬಾರದು.

## ಹಂತ 3: ಎಣ್ಣೆಯನ್ನು ಮೊದಲು ಇಳಿಸಿ, ಖಾರವನ್ನು ಆಮೇಲೆ

ಖಾರದ ಮೇಲೆ ಎಲ್ಲರಿಗೂ ಅನುಮಾನ, ಜಿಡ್ಡಿನ ಮೇಲೆ ಯಾರಿಗೂ ಇಲ್ಲ. ಆದರೆ ಊಟ ಹೊಟ್ಟೆಯಲ್ಲೇ ಕೂತುಬಿಡುವುದಕ್ಕೆ ದೊಡ್ಡ ಕಾರಣ ಜಿಡ್ಡು. ಕೊಬ್ಬು ಕರುಳನ್ನು ಮುಟ್ಟಿದ ಕೂಡಲೇ ಒಂದು ಹಾರ್ಮೋನಿನ ಮೂಲಕ ಜಠರಕ್ಕೆ "ನಿಧಾನ" ಅನ್ನುವ ಸೂಚನೆ ಹೋಗುತ್ತದೆ. ಅದೇ ಹಾರ್ಮೋನು ಆ ಉಂಗುರ ಸ್ನಾಯುವನ್ನೂ ಸಡಿಲ ಮಾಡುತ್ತದೆ. ಹಾಗಾಗಿ ಕರಿದ ತಿಂಡಿ, ಬೆಣ್ಣೆ ಕೆನೆ ಹಾಕಿದ ಊಟ ಮಾಡಿದ ದಿನ 3 ಗಂಟೆ ಬಿಟ್ಟರೂ ಹೊಟ್ಟೆ ಇನ್ನೂ ಭಾರ ಇರುತ್ತದೆ. ಇಂಥದ್ದನ್ನು ಬಿಟ್ಟೇಬಿಡಬೇಕು ಅಂತಲ್ಲ. ಮಧ್ಯಾಹ್ನಕ್ಕೆ ವರ್ಗ ಮಾಡಿ.

ಖಾರದ ಕೆಲಸ ಬೇರೆ ಥರ. ಮೆಣಸಿನಕಾಯಿಯಲ್ಲಿ ಉರಿ ಕೊಡುವ ವಸ್ತುವಿನ ಹೆಸರು ಕ್ಯಾಪ್ಸೈಸಿನ್. ಬಿಸಿ ಮುಟ್ಟಿದರೆ "ಸುಡುತ್ತಿದೆ" ಅಂತ ಹೇಳುವ ನರಗಳನ್ನೇ ಅದು ಕೆಣಕುತ್ತದೆ. ಆ ನರಗಳು ನಾಲಿಗೆಯಲ್ಲಷ್ಟೇ ಅಲ್ಲ, ಅನ್ನನಾಳದಲ್ಲೂ ಇವೆ. ಆಸಿಡ್ ತಾಗಿ ಮೊದಲೇ ಕೆಂಪಾದ ಗೋಡೆಯ ಮೇಲೆ ಖಾರ ಹೋದರೆ ಆಗುವ ಉರಿಯನ್ನು ಹೇಳಬೇಕಾಗಿಲ್ಲ. ಗೋಡೆ ಮಾಯುವವರೆಗೆ, ಅಂದರೆ ಕೆಲವು ವಾರ, ರಾತ್ರಿ ಖಾರ ಇಳಿಸಿದರೆ ನೆಮ್ಮದಿ. ಆಮೇಲೆ ತುಂಬಾ ಜನರಿಗೆ ಮಿತವಾದ ಖಾರ ಮತ್ತೆ ಒಗ್ಗುತ್ತದೆ.

ಇನ್ನು ಭಾವನ ಆ "ಮೈ ಬಿಸಿ, ಹೊರಳಾಟ". ಎದೆಯುರಿ ಇಲ್ಲದವರಲ್ಲೂ ರಾತ್ರಿಯ ಖಾರ ನಿದ್ದೆಯನ್ನು ಕೆಡಿಸಬಹುದು. 1992ರಲ್ಲಿ ಪ್ರಕಟವಾದ ಒಂದು ಸಣ್ಣ ಪ್ರಯೋಗದಲ್ಲಿ 6 ಜನ ಆರೋಗ್ಯವಂತ ಯುವಕರಿಗೆ ರಾತ್ರಿ ಊಟದ ಜೊತೆ ಖಾರದ ಸಾಸ್ ಮತ್ತು ಸಾಸಿವೆ ಕೊಟ್ಟಿದ್ದರು. ಆ ರಾತ್ರಿ ಅವರು ಎಚ್ಚರವಿದ್ದ ಹೊತ್ತು ಹೆಚ್ಚಿತ್ತು, ಗಾಢ ನಿದ್ದೆ ಕಡಿಮೆಯಾಗಿತ್ತು, ನಿದ್ದೆಯ ಮೊದಲ ಸುತ್ತಿನಲ್ಲಿ ಮೈ ಬಿಸಿ ಏರಿತ್ತು. ನಿದ್ದೆ ಹತ್ತಬೇಕಾದರೆ ಮೈಯ ಬಿಸಿ ಸ್ವಲ್ಪ ಇಳಿಯಬೇಕು. ಆರೇ ಜನರ ಪ್ರಯೋಗ ಅನ್ನುವುದು ನೆನಪಿರಲಿ, ಆದರೆ ಖಾರ ತಿಂದು ಮಲಗಿದವರಿಗೆ ಇದು ಹೊಸ ವಿಷಯವೇನಲ್ಲ.

ಈಗ ನೋಟ್‌ಬುಕ್ ತೆಗೆದು ನೋಡಿ. ಮಲಗಿದ ಮೇಲೆ ನಿದ್ದೆಯೇ ಹತ್ತದೆ ಹೊರಳಾಡುತ್ತಿದ್ದರೆ, ಹುಳಿ ಇಲ್ಲದಿದ್ದರೆ, ಖಾರದ ಮೇಲೆ ಅನುಮಾನ ಪಡಿ. ನಿದ್ದೆ ಹತ್ತಿ ಒಂದೆರಡು ಗಂಟೆಗೆ ಹುಳಿಯಿಂದ ಎಚ್ಚರ ಆಗುತ್ತಿದ್ದರೆ ಹೊತ್ತು, ಪ್ರಮಾಣ ಮತ್ತು ಜಿಡ್ಡನ್ನು ಹಿಡಿಯಿರಿ.

ಮದ್ಯ, ಸಿಗರೇಟು, ಚಾಕೊಲೇಟ್, ಪುದೀನ ಕೂಡ ಆ ಸ್ನಾಯುವನ್ನು ಸಡಿಲ ಮಾಡಬಲ್ಲವು. ಊಟ ಆದ ಮೇಲೆ ಹೊಟ್ಟೆಗೆ ಹಗುರ ಅಂತ ಪುದೀನದ ಮಿಠಾಯಿ ಚೀಪುವ ಅಭ್ಯಾಸ ಇದ್ದರೆ ಒಂದು ವಾರ ಬಿಟ್ಟು ನೋಡಿ. ಕಾಫಿ ಎಲ್ಲರಿಗೂ ಉರಿ ತರುವುದಿಲ್ಲ, ಆದರೆ ಸಂಜೆಯ ಮೇಲೆ ಕುಡಿದರೆ ನಿದ್ದೆಯನ್ನಂತೂ ಕೆಡಿಸುತ್ತದೆ. ಪಟ್ಟಿಯಲ್ಲಿರುವುದನ್ನೆಲ್ಲಾ ಒಟ್ಟಿಗೆ ಬಿಡಬೇಡಿ. ನಿಮಗೆ ಯಾವುದು ಆಗುವುದಿಲ್ಲವೋ ಅದನ್ನಷ್ಟೇ ಬಿಡಿ.

## ಹಂತ 4: ದಿಂಬು ಏರಿಸಬೇಡಿ, ಮಂಚ ಏರಿಸಿ

ಎರಡು ಮೂರು ದಿಂಬು ಪೇರಿಸಿ ಮಲಗಿದಾಗ ಏನಾಗುತ್ತದೆ ಅಂತ ಯಾರಾದರೂ ಪಕ್ಕದಿಂದ ನೋಡಲಿ. ತಲೆ ಮತ್ತು ಕುತ್ತಿಗೆ ಮೇಲಿರುತ್ತದೆ, ಎದೆ ಮಾತ್ರ ಹಾಸಿಗೆಯಲ್ಲೇ ಚಪ್ಪಟೆ. ಅನ್ನನಾಳ ಇರುವುದು ಎದೆಯಲ್ಲಿ. ಅದು ಒಂದಿಷ್ಟೂ ಏರಿರುವುದಿಲ್ಲ. ದಿಂಬು ಬೆನ್ನಿನ ಕೆಳಗೂ ಸರಿದರೆ ಮೈ ಸೊಂಟದಲ್ಲಿ ಮಡಚಿ ಹೊಟ್ಟೆ ಒತ್ತುತ್ತದೆ, ಆ ಒತ್ತಡಕ್ಕೆ ಆಸಿಡ್ ಮೇಲಕ್ಕೇ ಬರಬೇಕು. ಬೆಳಗ್ಗೆ ಕುತ್ತಿಗೆ ನೋವು ಬೇರೆ.

ಮಾಡಬೇಕಾದದ್ದು ಸೊಂಟದಿಂದ ತಲೆಯವರೆಗೆ ಒಂದೇ ಇಳಿಜಾರು.

ಮಂಚ ಇದ್ದರೆ: ತಲೆಯ ಕಡೆಯ ಎರಡು ಕಾಲುಗಳ ಕೆಳಗೆ ಮರದ ತುಂಡು ಇಡಿ. ಒಟ್ಟು ಎತ್ತರ 15ರಿಂದ 20 ಸೆಂಟಿಮೀಟರ್ ಬೇಕು. ಮೊದಲ ಮೂರು ರಾತ್ರಿ 10 ಸೆಂಟಿಮೀಟರ್ ಇಟ್ಟು ಅಭ್ಯಾಸ ಮಾಡಿಕೊಳ್ಳಿ, ಆಮೇಲೆ ಏರಿಸಿ. ತುಂಡು ಮಂಚದ ಕಾಲಿಗಿಂತ ಸಾಕಷ್ಟು ಅಗಲ ಇರಬೇಕು, ಕಾಲು ಜಾರದ ಹಾಗೆ ನಡುವೆ ಸ್ವಲ್ಪ ಕೊರೆಸಿದರೆ ಇನ್ನೂ ಒಳ್ಳೆಯದು. ಇಟ್ಟ ಮೇಲೆ ಮಂಚವನ್ನು ಎರಡೂ ಕೈಯಿಂದ ಅಲ್ಲಾಡಿಸಿ ನೋಡಿ. ಅಲುಗಾಡಿದರೆ ಅದರ ಮೇಲೆ ಮಲಗಬೇಡಿ. ಪುಸ್ತಕ, ಒಡೆದ ಇಟ್ಟಿಗೆ ಪೇರಿಸಿಡುವ ಕೆಲಸ ಬೇಡವೇ ಬೇಡ.

ನೆಲದ ಮೇಲೆ ಮಲಗುವವರು, ಅಥವಾ ಪಕ್ಕದವರಿಗೆ ಇಳಿಜಾರು ಬೇಡ ಅಂದರೆ: ಇಳಿಜಾರಿನ ಫೋಮ್ ದಿಂಬು. ಅದು ಸೊಂಟದ ಹತ್ತಿರದಿಂದ ಶುರುವಾಗುವಷ್ಟು ಉದ್ದ ಇರಬೇಕು. ಭುಜದಿಂದ ಶುರುವಾಗುವ ಗಿಡ್ಡ ದಿಂಬು ಕೊಂಡರೆ ಮತ್ತೆ ಅದೇ ಮಡಚುವ ತೊಂದರೆ. ಮೆತ್ತಗಿನದು ಬೇಡ, ಒತ್ತಿದರೆ ಅಷ್ಟಾಗಿ ಕುಸಿಯದ ಗಟ್ಟಿ ಫೋಮ್ ಇರಲಿ.

ರಾತ್ರಿ ಕೆಳಕ್ಕೆ ಜಾರುತ್ತೀರಾ? ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟುಕೊಳ್ಳಿ, ನುಣುಪಾದ ಹೊದಿಕೆ ಬದಲು ಹತ್ತಿಯದು ಹಾಸಿ. ಮಂಡಿ ತುಂಬಾ ಮೇಲೆ ಬಾರದಿರಲಿ, ಬಂದರೆ ಹೊಟ್ಟೆ ಒತ್ತುತ್ತದೆ. ಸೊಂಟಕ್ಕೆ ಬಿಗಿಯಾದ ಎಲಾಸ್ಟಿಕ್ ಇರುವ ರಾತ್ರಿ ಉಡುಪನ್ನೂ ಬದಲಾಯಿಸಿ.

ಈ ಉಪಾಯ ದೊಡ್ಡವರಿಗೆ ಮಾತ್ರ. ಹಾಲುಗಲ್ಲದ ಕೂಸುಗಳನ್ನು ಇಳಿಜಾರಿನಲ್ಲಾಗಲಿ ಮಗ್ಗುಲಿಗಾಗಲಿ ಮಲಗಿಸಬಾರದು, ಅವರ ಉಸಿರಿಗೆ ಅಪಾಯ. ಅವರನ್ನು ಸಪಾಟಾಗಿ ಅಂಗಾತವೇ ಮಲಗಿಸಬೇಕು.

## ಹಂತ 5: ಎಡ ಮಗ್ಗುಲಿಗೆ ಮಲಗಿ

ಜಠರದ ದೊಡ್ಡ ಭಾಗ ಹೊಟ್ಟೆಯ ಎಡಕ್ಕೆ ಉಬ್ಬಿಕೊಂಡಿದೆ. ಎಡಕ್ಕೆ ಮಲಗಿದರೆ ಆ ಚೀಲ ಕೆಳಗೆ ಬರುತ್ತದೆ, ಅನ್ನನಾಳದ ಬಾಗಿಲು ಆಸಿಡ್ ಮಟ್ಟಕ್ಕಿಂತ ಮೇಲೆ ಉಳಿಯುತ್ತದೆ. ಬಲಕ್ಕೆ ತಿರುಗಿದರೆ ತಿರುಗಾಮುರುಗಾ, ಬಾಗಿಲೇ ಆಸಿಡ್‌ನಲ್ಲಿ ಮುಳುಗುತ್ತದೆ. ಎಡ ಮಗ್ಗುಲಲ್ಲಿ ಮೇಲೆ ಬಂದ ಆಸಿಡ್ ಬೇಗ ಇಳಿದುಹೋಗುತ್ತದೆ ಅಂತ ಅಳೆದು ನೋಡಿದ ಅಧ್ಯಯನಗಳೂ ಇವೆ.

ನಿದ್ದೆಯಲ್ಲಿ ಹೊರಳುವುದು ಸಹಜ. ಇಡೀ ರಾತ್ರಿ ಎಡಕ್ಕೇ ಇರಬೇಕು ಅಂತ ಹಟ ಬೇಡ. ಮೊದಲ ಎರಡು ಮೂರು ಗಂಟೆ ಮುಖ್ಯ, ಆಗಲೇ ಹೊಟ್ಟೆಯಲ್ಲಿ ಹೆಚ್ಚು ಇರುವುದು. ಬೆನ್ನ ಹಿಂದೆ ಉದ್ದ ದಿಂಬು ಒತ್ತರಿಸಿ ಇಡಿ, ಅಂಗಾತ ಆಗಲು ಹೋದರೆ ಅದು ತಡೆಯುತ್ತದೆ. ಎಡ ಭುಜ ನೋಯುತ್ತಿದ್ದರೆ ಎದೆಯ ಮುಂದೆ ಇನ್ನೊಂದು ದಿಂಬು ತಬ್ಬಿಕೊಂಡು ಭುಜವನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಳ್ಳಿ.

## ಹಂತ 6: ಮಾತ್ರೆ ಸರಿಯಾದ ಹೊತ್ತಿಗೆ

ಇಲ್ಲಿ ಆಗುವ ತಪ್ಪು ನೋಡಿದರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ, ಯಾಕೆಂದರೆ ದುಡ್ಡೂ ಹೋಗುತ್ತದೆ, ಉರಿಯೂ ಉಳಿಯುತ್ತದೆ.

ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಥರದ ಮಾತ್ರೆಗಳು ಈಗಾಗಲೇ ಇರುವ ಆಸಿಡ್ಡನ್ನು ಏನೂ ಮಾಡುವುದಿಲ್ಲ. ಆಸಿಡ್ ಸುರಿಸುವ ಪಂಪುಗಳನ್ನು ಅವು ಮುಚ್ಚುತ್ತವೆ, ಅದೂ ಪಂಪು ಕೆಲಸ ಮಾಡುತ್ತಿರುವಾಗ ಮಾತ್ರ. ಪಂಪು ಜೋರಾಗಿ ಓಡುವುದು ಊಟ ಮಾಡುವಾಗ. ಹಾಗಾಗಿ ಮಾತ್ರೆ ಊಟಕ್ಕೆ 30ರಿಂದ 60 ನಿಮಿಷ ಮುಂಚೆ ಹೊಟ್ಟೆ ಸೇರಬೇಕು. ಊಟ ಮುಗಿಸಿ ಮಲಗುವಾಗ ನುಂಗಿದರೆ ಅದರ ಬಲ ಬಹಳಷ್ಟು ವ್ಯರ್ಥ. ಬೆಳಗ್ಗೆ ಒಂದು ಅಂತ ಬರೆದುಕೊಟ್ಟಿದ್ದು, ನಿಮ್ಮ ತೊಂದರೆ ರಾತ್ರಿಯದ್ದೇ ಆಗಿದ್ದರೆ, ಅದನ್ನು ರಾತ್ರಿ ಊಟದ ಮುಂಚೆಗೆ ಬದಲಾಯಿಸಬಹುದಾ ಅಂತ ವೈದ್ಯರನ್ನು ಕೇಳಿ. ತಿಂಗಳುಗಟ್ಟಲೆ ತೆಗೆದುಕೊಂಡು ಒಮ್ಮೆಲೇ ನಿಲ್ಲಿಸಿದರೆ ಕೆಲವು ವಾರ ಆಸಿಡ್ ಮೊದಲಿಗಿಂತ ಜಾಸ್ತಿ ಬರಬಹುದು, ನಿಲ್ಲಿಸುವುದನ್ನೂ ಕೇಳಿಯೇ ಮಾಡಿ.

ಆಂಟಾಸಿಡ್ ದ್ರವ ಅಥವಾ ಚೀಪುವ ಮಾತ್ರೆ ಇರುವ ಆಸಿಡ್ಡನ್ನು ತಣಿಸುತ್ತದೆ. ಬೇಗ ಕೆಲಸ ಮಾಡುತ್ತದೆ, ಬೇಗ ಮುಗಿಯುತ್ತದೆ. ಇಡೀ ರಾತ್ರಿ ಕಾಯುವುದಿಲ್ಲ. ಆಲ್ಜಿನೇಟ್ ಇರುವ ದ್ರವ ಬೇರೆ ಥರ. ಅದು ಹೊಟ್ಟೆಯಲ್ಲಿ ತೇಲುವ ಜೆಲ್ ಆಗಿ, ಮೇಲೆ ನಿಂತ ಆ ಆಸಿಡ್ ಪದರವನ್ನು ಮುಚ್ಚುತ್ತದೆ. ಅದಕ್ಕೇ ಅದನ್ನು ಊಟ ಆದ ಮೇಲೆ ಮತ್ತು ಮಲಗುವ ಮುಂಚೆ ಕುಡಿಯಬೇಕು, ಮೇಲೆ ನೀರು ಕುಡಿಯಬಾರದು. ರಕ್ತದೊತ್ತಡ, ಕಿಡ್ನಿ ತೊಂದರೆ ಇರುವವರು ಇವುಗಳಲ್ಲಿ ಯಾವುದನ್ನೂ ಕೇಳದೆ ದಿನಾ ತೆಗೆದುಕೊಳ್ಳಬೇಡಿ, ಸೋಡಿಯಂ ಮತ್ತಿತರ ಲವಣಗಳು ಇರುತ್ತವೆ. ಅಡುಗೆ ಸೋಡಾದ ನೀರಿನಲ್ಲೂ ಅದೇ ಸೋಡಿಯಂ, ಜೊತೆಗೆ ಹೊಟ್ಟೆ ಉಬ್ಬಿಸುವ ಗ್ಯಾಸ್. ಹಾಲು ಕುಡಿದಾಗ ತಂಪು ಅನ್ನಿಸುತ್ತದೆ, ಆದರೆ ಸ್ವಲ್ಪ ಹೊತ್ತಿಗೆ ಅದೇ ಹೊಸ ಆಸಿಡ್ ಸುರಿಸುತ್ತದೆ.

ನೀವು ಬೇರೆ ಕಾಯಿಲೆಗೆ ತೆಗೆದುಕೊಳ್ಳುವ ಮಾತ್ರೆಗಳನ್ನೂ ವೈದ್ಯರಿಗೆ ತೋರಿಸಿ. ನೋವಿನ ಮಾತ್ರೆ, ಆಸ್ಪಿರಿನ್, ಬಿಪಿಯ ಕೆಲವು ಮಾತ್ರೆಗಳು ಉರಿ ಹೆಚ್ಚಿಸಬಲ್ಲವು. ನೀವಾಗಿಯೇ ನಿಲ್ಲಿಸಬೇಡಿ. ಮತ್ತೆ, ಯಾವ ಮಾತ್ರೆಯನ್ನೇ ಆಗಲಿ ಒಂದು ಗುಟುಕು ನೀರಲ್ಲಿ ನುಂಗಿ ತಕ್ಷಣ ಮಲಗಬೇಡಿ. ಡಾಕ್ಸಿಸೈಕ್ಲಿನ್ ಥರದವು ಅನ್ನನಾಳದಲ್ಲೇ ಅಂಟಿಕೊಂಡು ಹುಣ್ಣು ಮಾಡುತ್ತವೆ. ಒಂದು ಲೋಟ ನೀರು, ಆಮೇಲೆ ಅರ್ಧ ಗಂಟೆ ನೆಟ್ಟಗೆ ಕೂರಬೇಕು. ಅದಕ್ಕೇ ಇಂಥ ಮಾತ್ರೆಗಳನ್ನು ಸಂಜೆಯೇ ಮುಗಿಸಿಕೊಂಡರೆ ಒಳ್ಳೆಯದು.

## ನಡುರಾತ್ರಿ ಎಚ್ಚರ ಆದಾಗ

ಮಲಗಿಯೇ ತಡೆದುಕೊಳ್ಳಬೇಡಿ. ಎದ್ದು ಕೂರಿ. ಎರಡು ಮೂರು ಗುಟುಕು ನೀರು ಕುಡಿಯಿರಿ, ಎಂಜಲು ಊರಿಸಿ ನುಂಗುತ್ತಾ ಇರಿ. ಆಂಟಾಸಿಡ್ ತೆಗೆದುಕೊಳ್ಳಬಹುದು ಅಂತ ಹೇಳಿದ್ದರೆ ಈಗ ಅದರ ಹೊತ್ತು. 20-30 ನಿಮಿಷ ಕುರ್ಚಿಯಲ್ಲಿ ಒರಗಿ ಕೂತು, ಆಮೇಲೆ ಎಡಕ್ಕೆ ಮಲಗಿ. ದೊಡ್ಡ ದೀಪ ಹಾಕಬೇಡಿ, ಫೋನ್ ಮುಟ್ಟಬೇಡಿ, ಏನನ್ನೂ ತಿನ್ನಬೇಡಿ.

ಉರಿಯೇ ಇಲ್ಲದೆಯೂ ಆಸಿಡ್ ಮೇಲೆ ಬರಬಹುದು. ಬೆಳಗ್ಗೆ ಧ್ವನಿ ಕಟ್ಟಿರುವುದು, ಬಾಯಲ್ಲಿ ಹುಳಿ ಕಹಿ, ರಾತ್ರಿ ಒಣ ಕೆಮ್ಮು, ಉಸಿರು ಕಟ್ಟಿದ ಹಾಗೆ ಆಗಿ ಗಾಬರಿಯಿಂದ ಏಳುವುದು. ಜೋರಾಗಿ ಗೊರಕೆ ಹೊಡೆಯುವವರು, ಹಗಲೆಲ್ಲಾ ತೂಕಡಿಸುವವರು ಇಂಥ ಎಚ್ಚರವನ್ನು ಆಸಿಡಿಟಿ ಅಂತ ಬಿಡಬೇಡಿ. ನಿದ್ದೆಯಲ್ಲಿ ಉಸಿರು ನಿಲ್ಲುವ ತೊಂದರೆ ಇರಬಹುದು, ಅದಕ್ಕೆ ಬೇರೆ ಪರೀಕ್ಷೆ ಇದೆ.

## ಎಷ್ಟು ದಿನ ನೋಡಬೇಕು

ಒಂದೊಂದು ಹಂತಕ್ಕೆ ಒಂದು ವಾರ. ನಾಲ್ಕರಿಂದ ಆರು ವಾರ ಸರಿಯಾಗಿ ಮಾಡಿಯೂ ವಾರಕ್ಕೆ ಎರಡು ಅಥವಾ ಹೆಚ್ಚು ರಾತ್ರಿ ಎಚ್ಚರ ಆಗುತ್ತಿದ್ದರೆ, ಇಲ್ಲವೇ ಆಂಟಾಸಿಡ್ ಇಲ್ಲದೆ ರಾತ್ರಿ ಕಳೆಯುವುದಿಲ್ಲ ಅಂತಾದರೆ ನೋಟ್‌ಬುಕ್ ಸಮೇತ ವೈದ್ಯರ ಹತ್ತಿರ ಹೋಗಿ. ಹೊಟ್ಟೆಯ ಭಾಗ ಎದೆಗೂಡಿಗೆ ಜಾರಿರುವ ಹರ್ನಿಯಾ ಇದ್ದರೆ, ಹೊಟ್ಟೆ ಖಾಲಿಯಾಗುವುದೇ ನಿಧಾನ ಇದ್ದರೆ ಮನೆಯ ಉಪಾಯಗಳಿಗೆ ಒಂದು ಮಿತಿ ಇದೆ. ತೂಕ ಜಾಸ್ತಿ ಇರುವವರಿಗೆ, ಅದರಲ್ಲೂ ಹೊಟ್ಟೆಯ ಸುತ್ತ ಇದ್ದರೆ, ತೂಕ ಇಳಿದಂತೆ ಉರಿಯೂ ಇಳಿಯುತ್ತದೆ, ಆದರೆ ಅದು ವಾರಗಳ ಕೆಲಸ ಅಲ್ಲ. ಗರ್ಭಿಣಿಯರಿಗೆ ಊಟ ಚಿಕ್ಕದು ಮಾಡುವುದು, ತಲೆಯ ಕಡೆ ಏರಿಸುವುದು, ಎಡಕ್ಕೆ ಮಲಗುವುದು ಮೂರೂ ಆಗುತ್ತದೆ, ಮಾತ್ರೆ ಮಾತ್ರ ಕೇಳಿಯೇ.

ಭಾವ ಜಿಡ್ಡನ್ನು ಮಧ್ಯಾಹ್ನಕ್ಕೆ ವರ್ಗ ಮಾಡಿದ ವಾರ ಎದ್ದದ್ದು ಎರಡು ರಾತ್ರಿ. ಮಂಚದ ಕೆಳಗೆ 15 ಸೆಂಟಿಮೀಟರ್ ತುಂಡು ಇಟ್ಟು ಎಡಕ್ಕೆ ಮಲಗಲು ಶುರುಮಾಡಿದ ವಾರ ಒಂದೇ ರಾತ್ರಿ. ಅದು ಒಂದು ಮದುವೆ ಊಟ ಮುಗಿಸಿ 10:30ಕ್ಕೆ ಬಂದು ನೇರ ಹಾಸಿಗೆಗೆ ಹೋದ ರಾತ್ರಿ. ನೋಟ್‌ಬುಕ್ಕಿನಲ್ಲಿ ಆ ಸಾಲಿಗೆ ಅವರು ಕೆಂಪು ಪೆನ್ನಲ್ಲಿ ಗೆರೆ ಎಳೆದಿದ್ದಾರೆ. ಈಗ ಖಾರ ಮತ್ತೆ ತಿನ್ನುತ್ತಾರೆ, ಮಧ್ಯಾಹ್ನ.